ಹಾಲು ನಾಲ್ಕು ಡಿಗ್ರಿಗೆ ಇಳಿಯುತ್ತಿಲ್ಲವೇ? ಪ್ಲೇಟ್ ಚಿಲ್ಲರ್‌ನಲ್ಲಿ ಮಿತಿ ಹಾಕುತ್ತಿರುವುದು ಯಾವುದು ಎಂದು ಲೆಕ್ಕ ಹಾಕುವ ಬಗೆ

ಹಾಲು ಶೀತಲೀಕರಣ ಕೇಂದ್ರಗಳಲ್ಲಿ ಪದೇ ಪದೇ ಕೇಳಿಬರುವ ದೂರು ಇದು. ಹಾಲು ಚಿಲ್ಲರ್‌ನಿಂದ ಹೊರಗೆ ಬರುವಾಗ 4 ಡಿಗ್ರಿ ಇರಬೇಕು, ಆದರೆ ಹತ್ತರ ಹತ್ತಿರವೇ ನಿಂತುಬಿಡುತ್ತದೆ. ಕೂಡಲೇ ಯಾರಾದರೂ ಒಬ್ಬರು "ಪ್ಲೇಟ್ ಜಾಸ್ತಿ ಹಾಕಿಸಿ" ಅನ್ನುತ್ತಾರೆ. ಇನ್ನೊಬ್ಬರು "ಪಂಪ್ ದೊಡ್ಡದು ಮಾಡಿ" ಅನ್ನುತ್ತಾರೆ. ಇಬ್ಬರ ಮಾತೂ ಸರಿ ಇರಬಹುದು, ಇಬ್ಬರದೂ ತಪ್ಪಿರಬಹುದು. ದುಡ್ಡು ಸುರಿಯುವ ಮುಂಚೆ ಒಂದು ಚಿಕ್ಕ ಲೆಕ್ಕ ಮಾಡಿದರೆ ಯಾವುದು ಕೆಲಸಕ್ಕೆ ಬರುತ್ತದೆ ಅಂತ ಗೊತ್ತಾಗುತ್ತದೆ. ಕಾಗದ, ಕ್ಯಾಲ್ಕುಲೇಟರ್ ಮತ್ತು ನಾಲ್ಕು ತಾಪಮಾನ ಇದ್ದರೆ ಸಾಕು.

ಈ ಲೆಕ್ಕದ ಮೂಲ ಪ್ರಶ್ನೆ ಒಂದೇ. ಈಗ ಒಳಗೆ ಬರುತ್ತಿರುವ ಹಾಲು, ಈಗ ಒಳಗೆ ಬರುತ್ತಿರುವ ನೀರು, ಇವೆರಡನ್ನು ಹಾಗೆಯೇ ಇಟ್ಟುಕೊಂಡು, ಪ್ಲೇಟ್ ಎಷ್ಟು ಬೇಕಾದರೂ ಹಾಕಬಹುದು ಅಂದುಕೊಳ್ಳಿ. ಆಗ ಹೆಚ್ಚೆಂದರೆ ಎಷ್ಟು ಶಾಖ ಹಾಲಿನಿಂದ ನೀರಿಗೆ ಹೋಗಬಹುದು? ಆ ಗರಿಷ್ಠಕ್ಕೆ ತಡೆ ಹಾಕುವುದು ಹಾಲೋ, ನೀರೋ?

## ಯಂತ್ರ ಮತ್ತು ಅದರ ಅಂಕಿಗಳು

ಪ್ಲೇಟ್ ಚಿಲ್ಲರ್ ಅಂದರೆ ತೆಳುವಾದ ಸ್ಟೀಲ್ ಪ್ಲೇಟುಗಳ ಸಾಲು. ಒಂದು ಸಂದಿಯಲ್ಲಿ ಹಾಲು ಹರಿಯುತ್ತದೆ, ಪಕ್ಕದ ಸಂದಿಯಲ್ಲಿ ಐಸ್ ಬ್ಯಾಂಕ್‌ನಿಂದ ಬಂದ ತಣ್ಣನೆಯ ನೀರು ಹರಿಯುತ್ತದೆ. ಎರಡೂ ಎದುರುಬದುರು ದಿಕ್ಕಿನಲ್ಲಿ ಸಾಗುತ್ತವೆ. ಹಾಲು ಹೊರಗೆ ಹೋಗುವ ತುದಿಯಲ್ಲೇ ಹೊಸ ತಣ್ಣೀರು ಒಳಗೆ ಬರುತ್ತದೆ. ಇದು ಮುಖ್ಯ, ಮುಂದೆ ಇದರ ಕಡೆಗೆ ಮತ್ತೆ ಬರುತ್ತೇನೆ.

ನಮ್ಮ ಉದಾಹರಣೆಗೆ ಈ ಅಂಕಿಗಳನ್ನು ಇಟ್ಟುಕೊಳ್ಳೋಣ. ಡಂಪ್ ಟ್ಯಾಂಕ್‌ನಿಂದ ಗಂಟೆಗೆ 3,500 ಲೀಟರ್ ಹಾಲು ಬರುತ್ತಿದೆ, ಅದರ ತಾಪಮಾನ 34 ಡಿಗ್ರಿ. ಐಸ್ ಬ್ಯಾಂಕ್ ನೀರು ಒಳಗೆ ಬರುವಾಗ 2 ಡಿಗ್ರಿ. ನೀರಿನ ಹರಿವು ಗಂಟೆಗೆ 10,800 ಲೀಟರ್. ಹಾಲಿನ ಮೂರು ಪಟ್ಟಿನಷ್ಟು ನೀರು ಹರಿಸುವುದು ಡೇರಿಗಳಲ್ಲಿ ಸಾಮಾನ್ಯ ಪದ್ಧತಿ. ಅದಕ್ಕೇ ಈ ಅಂಕಿ ತೆಗೆದುಕೊಂಡೆ. ಹಾಲು 4 ಡಿಗ್ರಿಯಲ್ಲಿ ಹೊರಬರಬೇಕು ಎಂಬುದು ಗುರಿ.

## ಮೊದಲ ಹೆಜ್ಜೆ: ಪ್ರತಿ ದ್ರವದ C ಕಂಡುಹಿಡಿಯಿರಿ

ಒಂದು ದ್ರವದ ತಾಪಮಾನ ಒಂದು ಡಿಗ್ರಿ ಬದಲಾಗಬೇಕಾದರೆ ಸೆಕೆಂಡಿಗೆ ಎಷ್ಟು ಶಾಖ ಕೊಡಬೇಕು ಅಥವಾ ತೆಗೆಯಬೇಕು? ಅದೇ ಶಾಖ ಸಾಮರ್ಥ್ಯದ ದರ. ಲೆಕ್ಕದಲ್ಲಿ ಅದನ್ನು C ಎಂದು ಬರೆಯುತ್ತಾರೆ. ಸೆಕೆಂಡಿಗೆ ಎಷ್ಟು ಕೆಜಿ ಹರಿಯುತ್ತಿದೆ ಎಂಬುದನ್ನು ಆ ದ್ರವದ ವಿಶಿಷ್ಟ ಶಾಖದಿಂದ ಗುಣಿಸಿದರೆ C ಸಿಗುತ್ತದೆ.

```
C = m × cp
m  : kg/s
cp : kJ/kg·K
C  : kW/K
```

ಇಲ್ಲಿ ಜನ ಎಡವುವುದು ಭೌತಶಾಸ್ತ್ರದಲ್ಲಲ್ಲ, ಅಳತೆಯ ಮಾನದಲ್ಲಿ. ಫ್ಲೋ ಮೀಟರ್ ಗಂಟೆಗೆ ಎಷ್ಟು ಲೀಟರ್ ಅಂತ ತೋರಿಸುತ್ತದೆ, ಲೆಕ್ಕಕ್ಕೆ ಬೇಕಿರುವುದು ಸೆಕೆಂಡಿಗೆ ಎಷ್ಟು ಕೆಜಿ ಅಂತ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಹಾಗಾಗಿ 3,500 ಲೀಟರ್ ಅಂದರೆ ಸುಮಾರು 3,600 ಕೆಜಿ. ಗಂಟೆಗೆ 3,600 ಸೆಕೆಂಡು. ಆದ್ದರಿಂದ ಹಾಲು ಸೆಕೆಂಡಿಗೆ 1 ಕೆಜಿ. ನೀರು ಲೀಟರಿಗೆ ಒಂದು ಕೆಜಿ, ಹಾಗಾಗಿ 10,800 ಲೀಟರ್ ಅಂದರೆ ಸೆಕೆಂಡಿಗೆ 3 ಕೆಜಿ.

ಹಾಲಿನ ವಿಶಿಷ್ಟ ಶಾಖ ಸುಮಾರು 3.9, ನೀರಿನದು 4.2. ಇವುಗಳಿಂದ:

```
C_ಹಾಲು = 1 × 3.9 = 3.9 kW/K
C_ನೀರು = 3 × 4.2 = 12.6 kW/K
```

ಹಾಲಿನಿಂದ 3.9 ಕಿಲೋವ್ಯಾಟ್ ಶಾಖ ತೆಗೆದರೆ ಅದು ಒಂದು ಡಿಗ್ರಿ ಇಳಿಯುತ್ತದೆ. ನೀರು ಒಂದು ಡಿಗ್ರಿ ಏರಬೇಕಾದರೆ ಅದಕ್ಕೆ 12.6 ಕಿಲೋವ್ಯಾಟ್ ಸೇರಬೇಕು.

ನೀರಿಗೆ ಗ್ಲೈಕಾಲ್ ಬೆರೆಸಿದ್ದರೆ 4.2 ಹಾಕಬೇಡಿ. ಗ್ಲೈಕಾಲ್ ಮಿಶ್ರಣದ ವಿಶಿಷ್ಟ ಶಾಖ ಶುದ್ಧ ನೀರಿಗಿಂತ ಕಡಿಮೆ. ಎಷ್ಟು ಕಡಿಮೆ ಎಂಬುದು ಬೆರಕೆಯ ಪ್ರಮಾಣದ ಮೇಲೆ ನಿಂತಿದೆ. ಸರಬರಾಜು ಮಾಡಿದವರು ಕೊಟ್ಟ ಪಟ್ಟಿಯಲ್ಲಿ ಆ ಅಂಕಿ ಇರುತ್ತದೆ.

## ಎರಡನೆಯದು: ಚಿಕ್ಕ C ಯಾರದು?

ನಮ್ಮಲ್ಲಿ ಹಾಲಿನದು ಚಿಕ್ಕದು. ಅದನ್ನು C_min ಎಂದು ಬರೆಯುತ್ತಾರೆ, ದೊಡ್ಡದನ್ನು C_max ಎಂದು. ಮಿತಿ ಹಾಕುವ ದ್ರವ ಯಾವಾಗಲೂ C_min ಇರುವುದೇ.

ಇದನ್ನು "ಹರಿವು ಕಡಿಮೆ ಇರುವ ದ್ರವ" ಅಂತ ನೆನಪಿಟ್ಟುಕೊಳ್ಳುವವರಿದ್ದಾರೆ. ಹಾಲು ಮತ್ತು ನೀರಿನ ವಿಶಿಷ್ಟ ಶಾಖ ಹತ್ತಿರ ಹತ್ತಿರ ಇರುವುದರಿಂದ ಡೇರಿಯಲ್ಲಿ ಅದು ಬಹುಪಾಲು ನಡೆದುಬಿಡುತ್ತದೆ. ಬೇರೆ ಕಡೆ ಕೈಕೊಡುತ್ತದೆ. ಒಂದು ಆಯಿಲ್ ಕೂಲರ್ ನೋಡಿ. ಎಣ್ಣೆ ಸೆಕೆಂಡಿಗೆ 2 ಕೆಜಿ, ನೀರು 1.2 ಕೆಜಿ. ಎಣ್ಣೆಯ ಹರಿವೇ ಜಾಸ್ತಿ, ಅಲ್ವಾ? ಆದರೆ ಎಣ್ಣೆಯ ವಿಶಿಷ್ಟ ಶಾಖ ಸುಮಾರು 2 ಅಷ್ಟೇ. ಹಾಗಾಗಿ ಎಣ್ಣೆಯ C 4, ನೀರಿನದು ಸುಮಾರು 5. ಮಿತಿ ಹಾಕುವುದು ಎಣ್ಣೆ. "ಬಿಸಿ ಇರುವುದೇ ಮಿತಿ ಹಾಕುತ್ತದೆ" ಎಂಬ ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಬಿಸಿ, ತಣ್ಣಗೆ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗುಣಾಕಾರ ಮಾಡಿಯೇ ನೋಡಬೇಕು.

## ಮೂರನೆಯದು: ಗರಿಷ್ಠ ಶಾಖ

ಒಳಗೆ ಬರುವ ಬಿಸಿ ದ್ರವಕ್ಕೂ ಒಳಗೆ ಬರುವ ತಣ್ಣನೆಯ ದ್ರವಕ್ಕೂ ಇರುವ ಅಂತರವೇ ಇಡೀ ಯಂತ್ರದಲ್ಲಿ ಸಿಗುವ ಅತಿ ದೊಡ್ಡ ತಾಪಮಾನದ ಅಂತರ. ಅದನ್ನು C_min ನಿಂದ ಗುಣಿಸಿದರೆ ಗರಿಷ್ಠ ಶಾಖ.

```
q_max = C_min × (T_ಬಿಸಿ,ಒಳ − T_ತಣ್ಣ,ಒಳ)
      = 3.9 × (34 − 2)
      = 124.8 kW
```

C_min ಯಾಕೆ, C_max ಯಾಕಲ್ಲ? ಇದು ಸ್ವಲ್ಪ ನಿಂತು ನೋಡಬೇಕಾದ ಜಾಗ.

ಶಾಖ ತಾನಾಗಿ ಬಿಸಿಯಿಂದ ತಣ್ಣನೆಯ ಕಡೆಗೆ ಮಾತ್ರ ಹರಿಯುತ್ತದೆ. ಹಾಗಾಗಿ ಹಾಲು ಎಷ್ಟೇ ತಣ್ಣಗಾದರೂ 2 ಡಿಗ್ರಿಗಿಂತ ಕೆಳಗೆ ಹೋಗಲಾರದು, ಏಕೆಂದರೆ ಒಳಗಿರುವ ಅತಿ ತಣ್ಣನೆಯ ವಸ್ತುವೇ 2 ಡಿಗ್ರಿ. ಹಾಗೆಯೇ ನೀರು ಎಷ್ಟೇ ಬಿಸಿಯಾದರೂ 34 ಡಿಗ್ರಿ ದಾಟಲಾರದು. ಎರಡಕ್ಕೂ 32 ಡಿಗ್ರಿಯ ಓಟವೇ ಇದೆ. ಒಂದು ಕಡೆಯಿಂದ ಹೋದ ಶಾಖ ಇನ್ನೊಂದು ಕಡೆ ಸೇರುತ್ತದೆ, ಅಷ್ಟಕ್ಕಷ್ಟೇ. ಆದರೆ ಅದೇ ಶಾಖಕ್ಕೆ C ಚಿಕ್ಕದಿರುವ ದ್ರವದ ತಾಪಮಾನ ಬೇಗ ಬೇಗ ಬದಲಾಗುತ್ತದೆ. ಹಾಗಾಗಿ ತನ್ನ 32 ಡಿಗ್ರಿಯನ್ನು ಮೊದಲು ಮುಗಿಸುವುದು ಅದೇ. ಅದು ಮುಗಿಸಿದ ಮೇಲೆ ಇನ್ನು ಶಾಖ ಹೋಗಲು ದಾರಿಯಿಲ್ಲ.

ತಪ್ಪಿ C_max ಹಾಕಿದರೆ ಏನಾಗುತ್ತದೆ ನೋಡಿ. 12.6 × 32 = 403.2 ಕಿಲೋವ್ಯಾಟ್ ಬರುತ್ತದೆ. ಇಷ್ಟು ಶಾಖವನ್ನು ಹಾಲಿನಿಂದ ತೆಗೆದರೆ ಅದು 403.2 ÷ 3.9, ಅಂದರೆ 103 ಡಿಗ್ರಿ ಇಳಿಯಬೇಕು. 34 ರಿಂದ 103 ಕಳೆದರೆ ಮೈನಸ್ 69. ಎರಡು ಡಿಗ್ರಿ ನೀರಿನಿಂದ ಹಾಲನ್ನು ಮೈನಸ್ 69ಕ್ಕೆ ಇಳಿಸುವುದು ಅಸಾಧ್ಯದ ಮಾತು. ನೀವು ಯಾವ ಹೀಟ್ ಎಕ್ಸ್‌ಚೇಂಜರ್ ಲೆಕ್ಕ ಮಾಡಿದರೂ ಕೊನೆಗೆ ಈ ಪರೀಕ್ಷೆ ಮಾಡಿ: q_max ಅನ್ನು ಎರಡೂ C ಗಳಿಂದ ಭಾಗಿಸಿ ಎರಡೂ ಹೊರ ತಾಪಮಾನ ಬರೆಯಿರಿ. ಎರಡೂ ಒಳ ತಾಪಮಾನಗಳ ನಡುವೆಯೇ ಇದ್ದರೆ ಸರಿ. ಒಂದು ಹೊರಗೆ ಜಿಗಿದರೆ C ಅದಲುಬದಲಾಗಿದೆ.

ಸರಿಯಾದ 124.8 ಹಾಕಿದಾಗ ಹಾಲು ಸರಿಯಾಗಿ 2 ಡಿಗ್ರಿಗೆ ಬರುತ್ತದೆ, ನೀರು 2 ರಿಂದ ಸುಮಾರು 11.9ಕ್ಕೆ ಏರುತ್ತದೆ. ಒಂದು ದ್ರವ ಮಾತ್ರ ಕೊನೆ ಮುಟ್ಟಿದೆ, ಇನ್ನೊಂದು ಅರ್ಧ ದಾರಿಯೂ ಬಂದಿಲ್ಲ.

## ನಾಲ್ಕನೆಯದು: ಬೇಕಿರುವುದನ್ನು ಗರಿಷ್ಠದ ಪಕ್ಕ ಇಡಿ

ಹಾಲು 34 ರಿಂದ 4ಕ್ಕೆ ಇಳಿಯಬೇಕು. ಅದಕ್ಕೆ 3.9 × 30 = 117 ಕಿಲೋವ್ಯಾಟ್ ತೆಗೆಯಬೇಕು. ಗರಿಷ್ಠ 124.8. ಅಂದರೆ ಸಾಧ್ಯವಿರುವುದರಲ್ಲಿ 0.94 ಭಾಗ ಬೇಕು. ಈ ಅನುಪಾತಕ್ಕೆ ಪರಿಣಾಮಕತೆ ಎನ್ನುತ್ತಾರೆ, ಗ್ರೀಕ್ ಅಕ್ಷರ ε ಹಾಕಿ ಬರೆಯುತ್ತಾರೆ. ಒಂದಕ್ಕಿಂತ ಕಡಿಮೆ ಇದೆ, ಹಾಗಾಗಿ ಅಸಾಧ್ಯವಲ್ಲ. ಆದರೆ 0.94 ಸುಲಭದ್ದೂ ಅಲ್ಲ. ಎದುರುಬದುರು ಹರಿವಿನ ಪ್ಲೇಟ್ ಚಿಲ್ಲರ್ ಆದ್ದರಿಂದ ಸಿಗುತ್ತದೆ.

ಎಷ್ಟು ಪ್ಲೇಟ್ ಬೇಕು? ಎದುರು ಹರಿವಿಗೆ ಸೂತ್ರ ಹೀಗಿದೆ:

```
C_r = C_min / C_max
NTU = ln[(1 − ε·C_r) / (1 − ε)] / (1 − C_r)
UA  = NTU × C_min
```

UA ಎಂದರೆ ಪ್ಲೇಟುಗಳ ಒಟ್ಟು ವಿಸ್ತೀರ್ಣ ಮತ್ತು ಪ್ರತಿ ಚದರ ಮೀಟರ್ ಪ್ಲೇಟ್ ಎಷ್ಟು ಚೆನ್ನಾಗಿ ಶಾಖ ದಾಟಿಸುತ್ತದೆ ಎಂಬುದರ ಗುಣಲಬ್ಧ. ಆ UA, C_min ನ ಎಷ್ಟು ಪಟ್ಟು ಇದೆ ಎಂದು ಹೇಳುವ ಸಂಖ್ಯೆಯೇ NTU. ನಮ್ಮ ಅಂಕಿಗಳಿಗೆ C_r ಸುಮಾರು 0.31, NTU ಸುಮಾರು 3.5, UA ಸುಮಾರು 13.7 ಕಿಲೋವ್ಯಾಟ್ ಪ್ರತಿ ಡಿಗ್ರಿಗೆ. ಪ್ಲೇಟ್ ಚಿಲ್ಲರ್‌ನಲ್ಲಿ ಒಂದು ಚದರ ಮೀಟರಿಗೆ 3 ಕಿಲೋವ್ಯಾಟ್ ಪ್ರತಿ ಡಿಗ್ರಿ ಅಂತ ಹಿಡಿದರೆ, ನಾಲ್ಕೂವರೆ ಚದರ ಮೀಟರಿಗೆ ಸ್ವಲ್ಪ ಮೇಲೆ ಪ್ಲೇಟ್ ಬೇಕು.

ನೀರು 2 + 117 ÷ 12.6, ಅಂದರೆ 11.3 ಡಿಗ್ರಿಯಲ್ಲಿ ಹೊರಬರುತ್ತದೆ. ಎಲ್ಲ ಸರಿ ಇರುವ ಚಿಲ್ಲರ್‌ನ ಗುರುತು ಇದು: ಹಾಲು 34 ರಿಂದ 4, ನೀರು 2 ರಿಂದ 11.3. ಈ ನಾಲ್ಕು ಅಂಕಿಯನ್ನು ಚಿಲ್ಲರ್ ಹತ್ತಿರದ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೆಟ್ಟಾಗ ಹೋಲಿಸಲು ಏನಾದರೂ ಬೇಕಲ್ಲ.

## ನೀರು ಕಡಿಮೆಯಾದಾಗ ಮಿತಿಯೇ ಬದಲಾಗುತ್ತದೆ

ಈಗ ಅಸಲಿ ಕಥೆ. ಐಸ್ ಬ್ಯಾಂಕ್‌ನಿಂದ ಬರುವ ಪೈಪಿನ ಸ್ಟ್ರೈನರ್‌ನಲ್ಲಿ ಕಸ ಕಟ್ಟಿದೆ ಅಂದುಕೊಳ್ಳಿ. ಅಥವಾ ಯಾರೋ ವಾಲ್ವ್ ಅರ್ಧ ತಿರುಗಿಸಿ ಮರೆತಿದ್ದಾರೆ. ನೀರು ಸೆಕೆಂಡಿಗೆ 3 ಕೆಜಿಯಿಂದ 0.8 ಕೆಜಿಗೆ ಇಳಿದಿದೆ. ಹಾಲು ಹಾಗೆಯೇ ಇದೆ. ಪಂಪ್ ಓಡುತ್ತಿದೆ, ಸದ್ದು ಬರುತ್ತಿದೆ, ನೀರು 2 ಡಿಗ್ರಿಯೇ ಇದೆ. ನೋಡುವವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ.

ನೀರಿನ C ಈಗ 0.8 × 4.2 = 3.36. ಹಾಲಿನದು 3.9. ಚಿಕ್ಕದು ನೀರು! ಮಿತಿ ಹಾಕುವ ದ್ರವ ಬದಲಾಗಿಹೋಯಿತು.

```
q_max = 3.36 × 32 = 107.5 kW
```

ನಮಗೆ ಬೇಕಿದ್ದದ್ದು 117. ಗರಿಷ್ಠವೇ 107.5. ಲೆಕ್ಕ ಇಲ್ಲಿಗೇ ಮುಗಿಯಿತು. ಈ ನೀರಿನಲ್ಲಿ ಹಾಲು 4 ಡಿಗ್ರಿಗೆ ಇಳಿಯುವುದೇ ಇಲ್ಲ. ಪ್ಲೇಟುಗಳನ್ನು ಕೊನೆಯಿಲ್ಲದಷ್ಟು ಸೇರಿಸಿದರೂ ಹಾಲು 34 − 107.5 ÷ 3.9, ಅಂದರೆ 6.4 ಡಿಗ್ರಿಯಲ್ಲಿ ನಿಲ್ಲುತ್ತದೆ. ಏಕೆಂದರೆ ಆ ಹೊತ್ತಿಗೆ ನೀರು 34 ಡಿಗ್ರಿ ಮುಟ್ಟಿ, ಇನ್ನು ಶಾಖ ಹೀರುವ ಶಕ್ತಿಯೇ ಅದಕ್ಕೆ ಇರುವುದಿಲ್ಲ.

ನಮ್ಮ ಚಿಲ್ಲರ್‌ನಲ್ಲಿರುವ ಪ್ಲೇಟುಗಳಿಗೆ ಎಷ್ಟು ಸಿಗುತ್ತದೆ? UA ಹಾಗೆಯೇ 13.7 ಇದೆ ಎಂದು ಹಿಡಿದು ಲೆಕ್ಕ ಮಾಡೋಣ. ಸೂತ್ರವನ್ನು ತಿರುಗಿಸಿದರೆ:

```
E = exp[−NTU·(1 − C_r)]
ε = (1 − E) / (1 − C_r·E)
```

NTU ಈಗ 13.7 ÷ 3.36, ಸುಮಾರು 4.1. C_r ಸುಮಾರು 0.86. ε 0.85 ಬರುತ್ತದೆ. ಹೋಗುವ ಶಾಖ ಸುಮಾರು 91 ಕಿಲೋವ್ಯಾಟ್. ಹಾಲು 10.7 ಡಿಗ್ರಿಯಲ್ಲಿ ಹೊರಬರುತ್ತದೆ, ನೀರು 29 ಡಿಗ್ರಿಯಲ್ಲಿ. ನಿಜದಲ್ಲಿ ನೀರು ನಿಧಾನವಾದಾಗ ಪ್ಲೇಟ್ ಶಾಖ ದಾಟಿಸುವ ಗುಣವೂ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಹಾಲು ಇನ್ನೂ ಸ್ವಲ್ಪ ಬೆಚ್ಚಗೇ ಇರುತ್ತದೆ.

ಈಗ "ಪ್ಲೇಟ್ ಜಾಸ್ತಿ ಹಾಕಿಸಿ" ಎಂಬ ಸಲಹೆ ಕೇಳಿ UA ಎರಡು ಪಟ್ಟು ಮಾಡಿದರೆಂದು ಇಟ್ಟುಕೊಳ್ಳಿ. ಹಾಲು 10.7 ರಿಂದ 8.1ಕ್ಕೆ ಇಳಿಯುತ್ತದೆ, ಅಷ್ಟೇ. ಅದೇ ದುಡ್ಡು ಖರ್ಚಿಲ್ಲದೆ ಸ್ಟ್ರೈನರ್ ತೊಳೆದರೆ 4 ಡಿಗ್ರಿ ಸಿಗುತ್ತದೆ.

ಇದರಿಂದ ಕನಿಷ್ಠ ನೀರಿನ ಲೆಕ್ಕವೂ ಸಿಗುತ್ತದೆ. 117 ಕಿಲೋವ್ಯಾಟ್ ಹೀರಲು ನೀರು 32 ಡಿಗ್ರಿ ಪೂರ್ತಿ ಏರಿದರೂ ಸೆಕೆಂಡಿಗೆ 117 ÷ (4.2 × 32), ಅಂದರೆ 0.87 ಕೆಜಿ ಬೇಕೇ ಬೇಕು. ಗಂಟೆಗೆ ಸುಮಾರು 3,130 ಲೀಟರ್. ಇದಕ್ಕಿಂತ ಕಡಿಮೆಯಿದ್ದರೆ ಯಾವ ಚಿಲ್ಲರ್ ತಂದರೂ ಪ್ರಯೋಜನವಿಲ್ಲ.

ಹಾಗಾದರೆ ಸರಿಯಾಗಿ ಹಾಲಿನಷ್ಟೇ C ಇರುವ ನೀರು ಹರಿಸಿದರೆ ಸಾಕಲ್ಲ? ಮೂರು ಪಟ್ಟು ಯಾಕೆ? ಒಳ್ಳೆಯ ಪ್ರಶ್ನೆ. C ಎರಡೂ 3.9 ಇದ್ದರೆ q_max ಮತ್ತೆ 124.8, ಕಾಗದದ ಮೇಲೆ ಸಾಧ್ಯ. ಆದರೆ ಆಗ ಹಾಲು 30 ಡಿಗ್ರಿ ಇಳಿದಂತೆ ನೀರೂ 30 ಡಿಗ್ರಿ ಏರಿ 32ಕ್ಕೆ ಬರುತ್ತದೆ. ಒಂದು ತುದಿಯಲ್ಲಿ ಹಾಲು 34, ನೀರು 32. ಇನ್ನೊಂದು ತುದಿಯಲ್ಲಿ ಹಾಲು 4, ನೀರು 2. ಮಧ್ಯದಲ್ಲೂ ಅದೇ ಎರಡು ಡಿಗ್ರಿ ಅಂತರ. ಇಡೀ 117 ಕಿಲೋವ್ಯಾಟನ್ನು ಬರೀ ಎರಡು ಡಿಗ್ರಿಯ ಅಂತರದಲ್ಲಿ ದಾಟಿಸಬೇಕು. ಅದಕ್ಕೆ UA 58.5 ಬೇಕು, ಅಂದರೆ ನಮ್ಮ ಚಿಲ್ಲರ್‌ಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಪ್ಲೇಟ್. ನೀರು ಮೂರು ಪಟ್ಟು ಇದ್ದಾಗ ಬಿಸಿ ತುದಿಯಲ್ಲಿ ಅಂತರ 22 ಡಿಗ್ರಿಗಿಂತ ಜಾಸ್ತಿ, ಹಾಲು ಹೊರಡುವ ತುದಿಯಲ್ಲಿ ಮಾತ್ರ ಎರಡಕ್ಕೆ ಇಕ್ಕಟ್ಟಾಗುತ್ತದೆ. ಎರಡು C ಗಳು ಬೇರೆ ಬೇರೆ ಇರುವುದರ ಲಾಭ ಇಲ್ಲಿದೆ.

ಈ ಲಾಭಕ್ಕೂ ಒಂದು ಕೊನೆಯಿದೆ. ನೀರನ್ನು ಸೆಕೆಂಡಿಗೆ 3 ರಿಂದ 6 ಕೆಜಿಗೆ ಏರಿಸಿ ನೋಡಿ. q_max ಒಂದಿಷ್ಟೂ ಬದಲಾಗುವುದಿಲ್ಲ, ಏಕೆಂದರೆ C_min ಹಾಲಿನದೇ. ಅದೇ UA ಇಟ್ಟುಕೊಂಡರೆ ಹಾಲು 4 ರಿಂದ ಸುಮಾರು 3.4ಕ್ಕೆ ಇಳಿಯುತ್ತದೆ. ಅರ್ಧ ಡಿಗ್ರಿ ಚಿಲ್ಲರೆ. ಅದೇ ಪೈಪಿನಲ್ಲಿ ಹರಿವು ಎರಡು ಪಟ್ಟಾದರೆ ಪಂಪಿಗೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟು. ಕರೆಂಟ್ ಬಿಲ್ ನೋಡಿದವರು ಈ ವ್ಯಾಪಾರಕ್ಕೆ ಒಪ್ಪುವುದಿಲ್ಲ.

## ಫ್ಲೋ ಮೀಟರ್ ಇಲ್ಲದಿದ್ದರೆ

ಹಾಲಿನ ಕಡೆ ಅಳತೆ ಇದ್ದೇ ಇರುತ್ತದೆ, ಏಕೆಂದರೆ ಹಾಲಿಗೆ ದುಡ್ಡು ಕೊಡಬೇಕು. ನೀರಿನ ಕಡೆ ಫ್ಲೋ ಮೀಟರ್ ಇಲ್ಲದಿರುವುದೇ ಜಾಸ್ತಿ. ಚಿಂತೆಯಿಲ್ಲ, ಥರ್ಮಾಮೀಟರ್ ಸಾಕು.

ಹೋದ ಶಾಖ ಮತ್ತು ಬಂದ ಶಾಖ ಒಂದೇ. ಹಾಗಾಗಿ ಯಾವ ದ್ರವದ ತಾಪಮಾನ ಜಾಸ್ತಿ ಬದಲಾಗಿದೆಯೋ ಅದರ C ಚಿಕ್ಕದು. ಅದೇ ಮಿತಿ ಹಾಕುತ್ತಿದೆ. ಸರಿ ಇರುವ ಚಿಲ್ಲರ್‌ನಲ್ಲಿ ಹಾಲು 30 ಡಿಗ್ರಿ ಬದಲಾಗಿದೆ, ನೀರು 9.3 ಡಿಗ್ರಿ. ಸ್ಟ್ರೈನರ್ ಕಟ್ಟಿಕೊಂಡಾಗ ಹಾಲು 23.3, ನೀರು 27.1. ಎರಡು ಕಳೆಯುವ ಲೆಕ್ಕದಲ್ಲಿ ಉತ್ತರ ಸಿಕ್ಕಿತು.

ನೀರಿನ ಹರಿವನ್ನೇ ಕಂಡುಹಿಡಿಯಬಹುದು:

```
C_ನೀರು = C_ಹಾಲು × (ಹಾಲಿನ ಇಳಿಕೆ) / (ನೀರಿನ ಏರಿಕೆ)
       = 3.9 × 23.3 / 27.1 ≈ 3.35
```

ಇದನ್ನು 4.2 ರಿಂದ ಭಾಗಿಸಿದರೆ ಸೆಕೆಂಡಿಗೆ 0.8 ಕೆಜಿ. ಒಂದು ಎಚ್ಚರಿಕೆ: ಈ ಅಂಕಿಗಳನ್ನು ಹಾಲು ಬರಲು ಶುರುವಾದ ತಕ್ಷಣ ತೆಗೆಯಬೇಡಿ. ಹೊರಗಿನ ತಾಪಮಾನಗಳು ಏರಿಳಿಯದೆ ನಿಂತ ಮೇಲೆ, ನಾಲ್ಕನ್ನೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಓದಿ. ನೀರು 9 ಡಿಗ್ರಿ ಮಾತ್ರ ಏರುವ ಕಡೆ ಥರ್ಮಾಮೀಟರ್ ಒಂದು ಡಿಗ್ರಿ ತಪ್ಪು ತೋರಿಸಿದರೆ ಲೆಕ್ಕದಲ್ಲಿ ಹತ್ತು ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ನಾಲ್ಕು ಕಡೆಗೂ ಒಂದೇ ಥರ್ಮಾಮೀಟರ್ ಬಳಸಿದರೆ ಆ ತೊಂದರೆ ಬಹುಪಾಲು ತಪ್ಪುತ್ತದೆ.

## ಮಿತಿ ಸರಿ ಇದ್ದೂ ಹಾಲು ಬೆಚ್ಚಗಿದ್ದರೆ

ಲೆಕ್ಕ ಮಾಡಿದಿರಿ, C_min ಹಾಲಿನದೇ, q_max 124.8, ಸಾಕಷ್ಟಿದೆ. ಆದರೂ ಹಾಲು ಇಳಿಯುತ್ತಿಲ್ಲ. ಆಗ ದೋಷ ಹರಿವಿನಲ್ಲಿಲ್ಲ, ಬೇರೆ ಕಡೆ ಇದೆ. ಮೂರು ಕಡೆ ನೋಡುತ್ತೇನೆ.

ಮೊದಲು ಒಳಗೆ ಬರುವ ನೀರಿನ ತಾಪಮಾನ. ಐಸ್ ಬ್ಯಾಂಕ್‌ನಲ್ಲಿ ಮಂಜುಗಡ್ಡೆ ಇರುವ ತನಕ ನೀರು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಗಡ್ಡೆ ಕರಗಿ ಮುಗಿದರೆ ನೀರು ಏರಲು ಶುರುವಾಗುತ್ತದೆ. ಅದು 5 ಡಿಗ್ರಿಗೆ ಬಂದರೆ ಹಾಲು 4 ಆಗುವ ಮಾತೇ ಇಲ್ಲ, 5ಕ್ಕಿಂತ ಕೆಳಗೆ ಹೋಗಲು ದಾರಿಯೇ ಇಲ್ಲವಲ್ಲ. ಅದೇ ε ಇಟ್ಟುಕೊಂಡರೆ ಹಾಲು 6.8ರಲ್ಲಿ ನಿಲ್ಲುತ್ತದೆ. ಸಂಜೆ ಹಾಲಿನ ಮೊದಲ ಅರ್ಧ ಸರಿಯಿದ್ದು ಆಮೇಲೆ ಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ಸಂಶಯ ಐಸ್ ಬ್ಯಾಂಕ್ ಮೇಲೇ ಪಡಬೇಕು. ಮಧ್ಯಾಹ್ನ ಕರೆಂಟ್ ಹೋಗಿ ಕಂಪ್ರೆಸರ್ ನಿಂತಿದ್ದ ದಿನ ಹೀಗಾಗುತ್ತದೆ.

ಎರಡನೆಯದು ಪೈಪುಗಳ ಜೋಡಣೆ. ಚಿಲ್ಲರ್ ಬಿಚ್ಚಿ ಗ್ಯಾಸ್ಕೆಟ್ ಬದಲಾಯಿಸಿ ಮತ್ತೆ ಜೋಡಿಸುವಾಗ ನೀರಿನ ಒಳಪೈಪ್ ಮತ್ತು ಹೊರಪೈಪ್ ಅದಲುಬದಲಾದರೆ, ಹಾಲು ಮತ್ತು ನೀರು ಒಂದೇ ದಿಕ್ಕಿನಲ್ಲಿ ಹರಿಯುತ್ತವೆ. q_max ಲೆಕ್ಕ ಹಾಗೆಯೇ 124.8 ತೋರಿಸುತ್ತದೆ, ಏಕೆಂದರೆ ಆ ಗರಿಷ್ಠದ ಲೆಕ್ಕ ಎದುರು ಹರಿವನ್ನೇ ಮನಸ್ಸಿನಲ್ಲಿಟ್ಟುಕೊಂಡದ್ದು. ಒಂದೇ ದಿಕ್ಕಿನಲ್ಲಿ ಹರಿದರೆ ಅಷ್ಟು ಎಂದೂ ಸಿಗುವುದಿಲ್ಲ. ಹಾಲು ತಣ್ಣಗಾಗುತ್ತಾ, ನೀರು ಬೆಚ್ಚಗಾಗುತ್ತಾ, ಎರಡೂ ಮಧ್ಯದಲ್ಲೆಲ್ಲೋ ಸೇರುತ್ತವೆ. ಆ ಜಾಗ ಎರಡನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದರೆ ಬರುವ ತಾಪಮಾನ:

```
(3.9 × 34 + 12.6 × 2) / (3.9 + 12.6) ≈ 9.6 °C
```

ನಮ್ಮ ಪ್ಲೇಟುಗಳಲ್ಲಿ ಹಾಲು 9.8ಕ್ಕೆ ಬಂದು ನಿಲ್ಲುತ್ತದೆ, ನೀರು 9.5ರಲ್ಲಿ ಹೊರಬರುತ್ತದೆ. ಎರಡು ಹೊರ ತಾಪಮಾನಗಳು ಹೀಗೆ ಅಂಟಿಕೊಂಡಂತೆ ಇದ್ದರೆ ಪೈಪ್ ದಿಕ್ಕು ನೋಡಿ. ಹೊರಹೋಗುವ ಹಾಲು ಹೊರಹೋಗುವ ನೀರಿಗಿಂತ ತಣ್ಣಗಿದ್ದರೆ ದಿಕ್ಕು ಸರಿಯಾಗೇ ಇದೆ ಎಂದು ಧೈರ್ಯವಾಗಿ ಹೇಳಬಹುದು. ಒಂದೇ ದಿಕ್ಕಿನ ಹರಿವಿನಲ್ಲಿ ಅದು ಸಾಧ್ಯವಿಲ್ಲ.

ಮೂರನೆಯದು ಪ್ಲೇಟಿನ ಮೇಲೆ ಕಟ್ಟಿದ ಪದರ. ಸರಿಯಾಗಿ ತೊಳೆಯದಿದ್ದರೆ ಹಾಲಿನ ಕಡೆ ಕೊಬ್ಬು ಅಂಟುತ್ತದೆ, ನೀರಿನ ಕಡೆ ಪಾಚಿಯೂ ಕೆಸರೂ ಕೂರುತ್ತವೆ. ಇದರಿಂದ UA ಆರು ಹತ್ತನೇ ಭಾಗಕ್ಕೆ ಇಳಿದರೆ ಹಾಲು 7.5 ಡಿಗ್ರಿಯಲ್ಲಿ ಹೊರಬರುತ್ತದೆ, ನೀರು ಸುಮಾರು 10.2ರಲ್ಲಿ. ಒಳಬರುವ ನೀರು 2, ನೀರಿನ ಏರಿಕೆ ಎಂದಿಗಿಂತ ಕಡಿಮೆ, ಹಾಲಿನ ಇಳಿಕೆಯೂ ಕಡಿಮೆ, ಆದರೆ ಎರಡರ ಅನುಪಾತ ಗೋಡೆಯ ಮೇಲೆ ಬರೆದಿಟ್ಟ ಅಂಕಿಗಳದ್ದೇ. ಅನುಪಾತ ಬದಲಾಗಿಲ್ಲ ಎಂದರೆ C ಗಳು ಬದಲಾಗಿಲ್ಲ. ಪ್ಲೇಟ್ ತೊಳೆಯುವುದೋ, ಪ್ಲೇಟ್ ಸೇರಿಸುವುದೋ ನಿಜವಾಗಿ ಫಲ ಕೊಡುವ ಸಂದರ್ಭ ಇದು.

## ನೀರಿನ ಬದಲು ಅನಿಲವೇ ಕುದಿಯುತ್ತಿದ್ದರೆ

ಕೆಲವು ಕಡೆ ಐಸ್ ಬ್ಯಾಂಕ್ ಇಲ್ಲದೆ, ಶೈತ್ಯಾನಿಲ ನೇರವಾಗಿ ಹಾಲಿನ ಟ್ಯಾಂಕಿನ ತಳದಲ್ಲಿ ಅಥವಾ ಪ್ಲೇಟಿನ ಇನ್ನೊಂದು ಬದಿಯಲ್ಲಿ ಕುದಿಯುತ್ತದೆ. ಕುದಿಯುವಾಗ ಎಷ್ಟೇ ಶಾಖ ಹೀರಿದರೂ ಅದರ ತಾಪಮಾನ ಬದಲಾಗುವುದಿಲ್ಲ. ಒಂದು ಡಿಗ್ರಿ ಏರಿಸಲು ಬೇಕಾದ ಶಾಖ ಲೆಕ್ಕಕ್ಕೆ ಸಿಗದಷ್ಟು ದೊಡ್ಡದು ಅನ್ನಿ. ಹಾಗಾಗಿ ಅದರ C ಅನಂತ, C_r ಸೊನ್ನೆ, C_min ಯಾವಾಗಲೂ ಹಾಲಿನದೇ. ಹರಿವಿನ ದಿಕ್ಕಿನ ಗೊಡವೆಯೂ ಇಲ್ಲ. ಸೂತ್ರ ತುಂಬ ಚಿಕ್ಕದಾಗುತ್ತದೆ:

```
ε = 1 − exp(−NTU)
```

ಉಗಿಯಿಂದ ಹಾಲು ಕಾಯಿಸುವ ಕಡೆಯೂ ಇದೇ ಸೂತ್ರ, ಉಗಿ ನೀರಾಗಿ ಇಳಿಯುವಾಗ ಅದರ ತಾಪಮಾನವೂ ನಿಂತಲ್ಲೇ ನಿಲ್ಲುತ್ತದೆ.

ಇಲ್ಲಿ q_max ಹೆಚ್ಚಿಸಲು ಉಳಿದಿರುವ ದಾರಿ ಒಂದೇ, ಅನಿಲ ಕುದಿಯುವ ತಾಪಮಾನವನ್ನು ಇನ್ನೂ ಕೆಳಗಿಳಿಸುವುದು. ಮೈನಸ್ 4ಕ್ಕೆ ಇಳಿಸಿದರೆ ಅಂತರ 38 ಆಗುತ್ತದೆ, q_max 148ಕ್ಕೆ ಏರುತ್ತದೆ. ಆದರೆ ಹಾಲು ಮೈನಸ್ ಅರ್ಧ ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ಹರಿವು ಕಡಿಮೆಯಾದ ಗಳಿಗೆಯಲ್ಲಿ ಲೋಹಕ್ಕೆ ತಾಗಿದ ಹಾಲು ಗಡ್ಡೆಯಾಗುತ್ತದೆ, ಆ ಗಡ್ಡೆಯ ಪದರವೇ ಶಾಖಕ್ಕೆ ಅಡ್ಡ ನಿಲ್ಲುತ್ತದೆ. ಆಗ q_max ಕಾಗದದ ಮೇಲೆ 148 ಇದ್ದರೂ UA ಕುಸಿದು ಹಾಲು ಮೊದಲಿಗಿಂತ ಬೆಚ್ಚಗೆ ಹೊರಬರಬಹುದು. ಅಂಥ ಕಡೆ ಅನಿಲದ ತಾಪಮಾನ ಇಳಿಸುವ ಮುಂಚೆ ಹಾಲಿನ ಪಂಪ್ ಒಂದೇ ಸಮ ಓಡುತ್ತಿದೆಯೇ, ಟ್ಯಾಂಕಿನ ಕಲಕುವ ಮೋಟಾರ್ ನಿಲ್ಲದೆ ತಿರುಗುತ್ತಿದೆಯೇ ಎಂದು ನೋಡಿಕೊಳ್ಳಬೇಕು.